ತಪ್ಪುಗಳ ನೋಟ್‌ಬುಕ್

ಆರ್ಜೂ ಶಿರಾದವಳು. ವಯಸ್ಸು ಮೂವತ್ತೊಂದು. ತಂದೆ ಕರೀಮ್ ಸಾಬ್ ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು. ಮನೆಯ ಮುಂದಿನ ಕೋಣೆಯೇ ಅವರ ಕೆಲಸದ ಜಾಗ. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಇವರಿಬ್ಬರೇ. ಆರ್ಜೂ ಮೂರು ವರ್ಷದ ನರ್ಸಿಂಗ್ ಕೋರ್ಸ್ ಮುಗಿಸಿ ಮೊದಲು ಮಧುಗಿರಿಯ ಒಂದು ಸಣ್ಣ ನರ್ಸಿಂಗ್ ಹೋಮ್‌ನಲ್ಲಿ, ಆಮೇಲೆ ಶಿರಾದಲ್ಲೇ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಮಾಡಿಕೊಂಡಿದ್ದಳು. ಇಂಗ್ಲೆಂಡಿಗೆ ಹೋಗಬೇಕೆಂಬ ಆಸೆ ಹುಟ್ಟಿದ್ದು ತೋವಿನಕೆರೆಯ ಲೋಹಿತಾಳಿಂದ. ಇಬ್ಬರೂ ಶಿರಾದ ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ಡ್ಯೂಟಿ ಮಾಡುತ್ತಿದ್ದರು.

ಇಂಗ್ಲೆಂಡಿನಲ್ಲಿ ನರ್ಸ್ ಆಗಿ ಹೆಸರು ನೋಂದಾಯಿಸಿಕೊಳ್ಳಲು ಎರಡು ಪರೀಕ್ಷೆಗಳನ್ನು ಇಲ್ಲಿಂದಲೇ ಮುಗಿಸಿಕೊಂಡು ಹೋಗಬೇಕು. ಒಂದು ಇಂಗ್ಲಿಷ್ ಭಾಷೆಯ ಪರೀಕ್ಷೆ, ಓಇಟಿ. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು, ನಾಲ್ಕೂ ಆಸ್ಪತ್ರೆಯ ವಿಷಯದ್ದೇ. ಇನ್ನೊಂದು ಕಂಪ್ಯೂಟರಿನಲ್ಲಿ ಬರೆಯುವ ಸಿಬಿಟಿ. ಅದರಲ್ಲಿ ಔಷಧದ ಲೆಕ್ಕಗಳ ಒಂದು ಭಾಗ, ಶುಶ್ರೂಷೆಯ ನೂರು ಪ್ರಶ್ನೆಗಳ ಇನ್ನೊಂದು ಭಾಗ.

ಮೊದಲ ಸಲ ಆರ್ಜೂ ಓಇಟಿ ಬರೆದಾಗ ಓದುವುದರಲ್ಲೂ ಮಾತಿನಲ್ಲೂ ಬೇಕಾದ ಮುನ್ನೂರೈವತ್ತು ದಾಟಿದಳು. ಬರವಣಿಗೆಗೆ ಮುನ್ನೂರು ಸಾಕಿತ್ತು, ಮುನ್ನೂರಿಪ್ಪತ್ತು ಬಂತು. ಕೇಳುವುದರಲ್ಲಿ ಮಾತ್ರ ಮುನ್ನೂರಹತ್ತಕ್ಕೆ ನಿಂತಳು. ಅಲ್ಲೂ ಮುನ್ನೂರೈವತ್ತೇ ಬೇಕಿತ್ತು. ಲೋಹಿತಾಳಿಗೆ ಬರವಣಿಗೆ ಕೈಕೊಟ್ಟಿತ್ತು.

ಇಬ್ಬರೂ ಮಧುಗಿರಿಯ ಅನುಷಾ ಹತ್ತಿರ ಹೋದರು. ಅನುಷಾ ಆರು ವರ್ಷ ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ದುಡಿದು, ಮಗುವಿನ ಸಲುವಾಗಿ ಊರಿಗೆ ಮರಳಿದವರು. ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಭಾನುವಾರ ನರ್ಸ್‌ಗಳಿಗೆ ಪಾಠ ಹೇಳುತ್ತಿದ್ದರು. ಮೊದಲ ದಿನವೇ ಅವರು ಇಬ್ಬರ ಕೈಗೂ ಒಂದೊಂದು ಖಾಲಿ ನೋಟ್‌ಬುಕ್ ಕೊಟ್ಟರು.

"ಎಷ್ಟು ಮಾರ್ಕ್ಸ್ ಬಂತು ಅಂತ ನನಗೆ ಹೇಳ್ಬೇಡಿ. ಯಾವ ತಪ್ಪು ಮಾಡಿದ್ರಿ ಅಂತ ಇದರಲ್ಲಿ ಬರೀರಿ. ಸರಿ ಉತ್ತರ ಏನು, ನೀವು ಬರೆದಿದ್ದೇನು, ಯಾಕೆ ತಪ್ಪಾಯ್ತು. ನಾಲ್ಕು ವಾರ ಆದ್ಮೇಲೆ ನಿಮ್ಮ ತಪ್ಪುಗಳೇ ನಿಮಗೆ ಪಾಠ ಹೇಳ್ತವೆ," ಎಂದರು.

ಹನ್ನೆರಡು ವಾರಗಳ ವೇಳಾಪಟ್ಟಿ ಸಿದ್ಧವಾಯಿತು. ಡ್ಯೂಟಿ ಮುಗಿಸಿ ಬಂದು ದಿನಾ ಒಂದು ಗಂಟೆ. ಸೋಮವಾರ, ಗುರುವಾರ ಕೇಳುವುದು. ಮಂಗಳವಾರ ಹದಿನೈದು ನಿಮಿಷಕ್ಕೆ ಅಲಾರಾಂ ಇಟ್ಟು ನಾಲ್ಕು ತುಣುಕುಗಳನ್ನು ಓದಿ ಇಪ್ಪತ್ತು ಉತ್ತರ ಹುಡುಕುವುದು. ಬುಧವಾರ, ಶುಕ್ರವಾರ ರೋಗಿಯ ಟಿಪ್ಪಣಿ ನೋಡಿ ಪತ್ರ ಬರೆಯುವುದು. ಅದರಲ್ಲಿ ಓದುವ ಡಾಕ್ಟರಿಗೆ ಬೇಕಾದ್ದಷ್ಟೇ ಇರಬೇಕು, ಇನ್ನೂರು ಪದಗಳ ಒಳಗೆ. ಶನಿವಾರ ಲೋಹಿತಾಳ ಜೊತೆ ಫೋನಿನಲ್ಲಿ ಮಾತಿನ ಅಭ್ಯಾಸ. ಒಬ್ಬಳು ನರ್ಸ್, ಇನ್ನೊಬ್ಬಳು ಕೋಪಗೊಂಡ ಮಗನೋ ಹೆದರಿದ ರೋಗಿಯೋ. ಐದು ನಿಮಿಷಕ್ಕೆ ಅಲಾರಾಂ ಹೊಡೆದರೆ ಅಲ್ಲಿಗೆ ಮುಗಿಯಿತು. ಸಿಬಿಟಿಗಾಗಿ ಬೆಳಿಗ್ಗೆ ಚಹಾ ಕುಡಿಯುತ್ತ ಹತ್ತು ಲೆಕ್ಕ. ಭಾನುವಾರ ತಪ್ಪುಗಳನ್ನು ಬಗೆಯ ಪ್ರಕಾರ ಬೇರ್ಪಡಿಸುವುದು: ಕಾಗುಣಿತದ್ದು, ಗೊತ್ತಿಲ್ಲದ ಪದದ್ದು, ಅವಸರದ್ದು, ಅಂಕಿಯದ್ದು.

ಮಧುಗಿರಿಗೆ ಹೋಗುವುದೆಂದರೆ ಆರ್ಜೂಗೆ ಒಂದು ಕಷ್ಟವಿತ್ತು. ಬಸ್ ಸ್ಟ್ಯಾಂಡಿನಿಂದ ಅನುಷಾ ಅವರ ಮಹಡಿಗೆ ನಡೆಯುವ ದಾರಿಯಲ್ಲೇ ಅವಳು ಹಿಂದೆ ಕೆಲಸ ಮಾಡಿದ್ದ ನರ್ಸಿಂಗ್ ಹೋಮ್‌ನ ಕಟ್ಟಡವಿತ್ತು. ಡಾಕ್ಟರು ಸತ್ತು ಮೂರು ವರ್ಷವಾಗಿತ್ತು, ಆಸ್ಪತ್ರೆ ಮುಚ್ಚಿತ್ತು. ಕೆಳಗೆ ಮೊಬೈಲ್ ಅಂಗಡಿ ಬಂದಿತ್ತು. ಮೇಲಿನ ಕಿಟಕಿಗಳಿಗೆ ಅದೇ ಹಸಿರು ಬಣ್ಣ. ಎಡಗಡೆಯಿಂದ ಎರಡನೆಯ ಕಿಟಕಿಯ ಕಡೆ ಅವಳು ಏಳು ವರ್ಷದಿಂದ ತಲೆಯೆತ್ತಿ ನೋಡಿರಲಿಲ್ಲ. ನೋಡದೆಯೂ ಅಲ್ಲಿ ಯಾರೋ ಕೂತಿದ್ದಾರೆ ಅನ್ನಿಸುತ್ತಿತ್ತು.

ಆ ಕಿಟಕಿಯ ಪಕ್ಕದ ಮಂಚದಲ್ಲಿ ಇದ್ದವರು ದೊಡ್ಡೇರಿಯ ಚನ್ನಮಲ್ಲಮ್ಮ. ಕಾಲಿನ ಹುಣ್ಣು ಮಾಯದೆ ಬಂದು ಸೇರಿದ್ದರು. ಸಕ್ಕರೆ ಕಾಯಿಲೆ. ಗಂಡ ಅಡವಯ್ಯ ಮಂಚದ ಕೆಳಗೇ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಒಂದು ಸಂಜೆ ಏಳು ಗಂಟೆಗೆ ಆರ್ಜೂ ನೋಡಿದಾಗ ಸಕ್ಕರೆ ನಾನೂರ ಹನ್ನೆರಡು ಇತ್ತು. ಡಾಕ್ಟರು ತುಮಕೂರಿಗೆ ಹೋಗಿದ್ದರು. ಫೋನ್ ಮಾಡಿದಳು. ಬಸ್ಸಿನ ಹಾರ್ನ್‌ಗಳ ನಡುವೆ ಅವರು ಇಂಗ್ಲಿಷಿನಲ್ಲಿ ಒಂದು ಅಂಕಿ ಹೇಳಿ, "ಇನ್ಸುಲಿನ್ ಕೊಟ್ಬಿಡು," ಎಂದು ಇಟ್ಟುಬಿಟ್ಟರು. ಅವಳ ಕಿವಿಗೆ ಬಿದ್ದಿದ್ದು ಫಿಫ್ಟಿ. ಐವತ್ತು ಯೂನಿಟ್.

ಇನ್ಸುಲಿನ್ ಸಿರಿಂಜ್ ನಲವತ್ತಕ್ಕೇ ಮುಗಿಯುತ್ತದೆ. ಹಾಗಾಗಿ ಅವಳು ಎರಡನೆಯ ಸಿರಿಂಜ್‌ನ ಪೊಟ್ಟಣ ಒಡೆದು ಉಳಿದ ಹತ್ತನ್ನು ಎಳೆದಳು. ಒಂದು ಕ್ಷಣ ಕೈ ನಿಂತಿತ್ತು. ಮತ್ತೆ ಫೋನ್ ಮಾಡಲೇ ಎಂದುಕೊಂಡಳು. ಡಾಕ್ಟರು ಬೈಯುತ್ತಾರೆಂದು ಮಾಡಲಿಲ್ಲ. ಕೊಟ್ಟಳು, ಹಾಳೆಯಲ್ಲಿ ಬರೆದಳು, ಎಂಟಕ್ಕೆ ಡ್ಯೂಟಿ ಮುಗಿಸಿ ಹೋದಳು. ಬೆಳಿಗ್ಗೆ ಬಂದಾಗ ಮಂಚ ಖಾಲಿ. ನಿದ್ದೆಯಲ್ಲೇ ಹೃದಯ ನಿಂತಿತಂತೆ ಎಂದರು. ರೋಗಿಯ ಹಾಳೆ ತೆಗೆದು ನೋಡಿದಳು. ಅದು ಹೊಸ ಹಾಳೆ, ಡಾಕ್ಟರ ಅಕ್ಷರ. ಇನ್ಸುಲಿನ್ ಹದಿನೈದು ಯೂನಿಟ್ ಎಂದಿತ್ತು. ಡಾಕ್ಟರು ಅವಳ ಮುಖವನ್ನೇ ಒಮ್ಮೆ ನೋಡಿ ಒಳಗೆ ಹೋದರು. ಮುಂದಿನ ತಿಂಗಳು ಆರ್ಜೂ ಕೆಲಸ ಬಿಟ್ಟಳು.

ಅಂದಿನಿಂದ ಅವಳು ಒಂದು ಮಾತನ್ನು ಹಿಡಿದುಕೊಂಡು ಬದುಕಿದ್ದಳು: ಹೇಳಿದ್ದು ಐವತ್ತೇ, ತಪ್ಪು ಮಾಡಿದ್ದು ಡಾಕ್ಟರು, ಆಮೇಲೆ ಹೆದರಿ ಹಾಳೆ ಬದಲಿಸಿದ್ದಾರೆ. ಹಾಗೆಂದುಕೊಂಡೇ ದಿನಾ ಡ್ಯೂಟಿಗೆ ಹೋಗುತ್ತಿದ್ದಳು, ಊಟ ಮಾಡುತ್ತಿದ್ದಳು. ಆದರೂ ಇನ್ಸುಲಿನ್ ಕೊಡುವಾಗಲೆಲ್ಲ ಬೆನ್ನ ಹಿಂದೆ ಒಂದು ಹೆಂಗಸಿನ ಉಸಿರು ಕೇಳುತ್ತಿತ್ತು. ತಿರುಗಿ ನೋಡಿದರೆ ಯಾರೂ ಇರುತ್ತಿರಲಿಲ್ಲ.

ನಾಲ್ಕನೆಯ ಭಾನುವಾರ ಅನುಷಾ ನೋಟ್‌ಬುಕ್ ತಿರುವಿ ನೋಡಿದರು. ಆರ್ಜೂಳ ಅಂಕಿಯ ತಪ್ಪುಗಳಿಗೆ ಅವರು ಕೆಂಪು ಗೆರೆ ಎಳೆಯುತ್ತ ಹೋದರು. ಒಟ್ಟು ಹನ್ನೊಂದು.

"ಆರ್ಜೂ, ಇದು ನೋಡಿ. ಥರ್ಟೀನ್ ಅಂದ್ರೆ ಥರ್ಟಿ ಬರ್ದಿದೀರ. ಸಿಕ್ಸ್‌ಟೀನ್ ಅಂದ್ರೆ ಸಿಕ್ಸ್‌ಟಿ. ಫಿಫ್ಟೀನ್ ಅಂತೂ ಐದು ಸಲ ಫಿಫ್ಟಿ ಆಗಿದೆ. ಉಲ್ಟಾ ಒಂದು ಸಲನೂ ಆಗಿಲ್ಲ. ಚಿಕ್ಕದನ್ನ ಯಾವಾಗ್ಲೂ ದೊಡ್ಡದಾಗೇ ಕೇಳಿಸ್ಕೊತೀರ. ಇದು ಅವಸರದ ತಪ್ಪಲ್ಲ, ನಿಮ್ಮ ಕಿವಿ ಅಭ್ಯಾಸ."

ಅನುಷಾ ಖುಷಿಯಿಂದಲೇ ಮುಂದುವರಿಸಿದರು. "ಒಳ್ಳೇದೇ ಆಯ್ತು ಬಿಡಿ, ತಪ್ಪೋ ಜಾಗ ಸಿಕ್ತು. ಟೀನ್‌ನಲ್ಲಿ ಒತ್ತು ಕೊನೇಲಿ ಬೀಳುತ್ತೆ, ಎಳೆದು ಹೇಳ್ತಾರೆ. ಟಿ ಅನ್ನೋದ್ರಲ್ಲಿ ಒತ್ತು ಮೊದಲಲ್ಲಿ, ಕೊನೆ ಮೊಟಕು. ದಿನಾ ಇಪ್ಪತ್ತು ಜೋಡಿ ಕೇಳಿ. ಲೋಹಿತಾ ಓದ್ಲಿ, ನೀವು ಬಿಡಿಬಿಡಿಯಾಗಿ ತಿರುಗಿಸಿ ಹೇಳಿ. ಒನ್ ಫೈವ್, ಫೈವ್ ಝೀರೋ, ಹಾಗೆ. ಪರೀಕ್ಷೇಲಿ ಒಂದೇ ಸಲ ಕೇಳ್ಸೋದು. ವಾರ್ಡಲ್ಲಾದ್ರೆ ಎಷ್ಟು ಸಲ ಬೇಕಾದ್ರೂ ಕೇಳ್ಬೋದು, ಕೇಳ್ಲೇಬೇಕು."

ಕೊನೆಯ ಮಾತಿಗೆ ಆರ್ಜೂ ಎದ್ದು ಹೊರಗೆ ಬಂದುಬಿಟ್ಟಳು. ಮೆಟ್ಟಿಲ ಮೇಲೆ ಕೂತಳು. ಲೋಹಿತಾ ಹಿಂದೆಯೇ ಬಂದಳು.

"ಏನಾಯ್ತೇ? ಅಂಕಿ ತಾನೆ, ಸರಿ ಹೋಯ್ತದೆ ಬುಡು."

"ಡಾಕ್ಟ್ರು ಹದಿನೈದೇ ಹೇಳಿದ್ದು ಕಣೇ," ಎಂದಳು ಆರ್ಜೂ. ಲೋಹಿತಾಳಿಗೆ ಏನೂ ಅರ್ಥವಾಗಲಿಲ್ಲ. ಆಗ ಆರ್ಜೂ ಏಳು ವರ್ಷ ಯಾರಿಗೂ ಹೇಳದಿದ್ದುದನ್ನು ಪೂರ್ತಿ ಹೇಳಿದಳು.

ಲೋಹಿತಾ ತಗ್ಗಿದ ದನಿಯಲ್ಲಿ, "ಆ ಡಾಕ್ಟ್ರೂ ಇಲ್ಲ, ಆ ಆಸ್ಪತ್ರೇನೂ ಇಲ್ಲ. ಈಗ ಕೆದಕಿ ಏನು ಮಾಡ್ತೀಯ? ಇನ್ನೆಂಟು ವಾರಕ್ಕೆ ಪರೀಕ್ಷೆ ಐತೆ. ನಿನ್ ಪಾಡಿಗೆ ನೀನು ಓದ್ಕಳೇ," ಎಂದಳು.

ಆರ್ಜೂ ಓದಲು ನೋಡಿದಳು. ಸೋಮವಾರ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂತರೆ, ನರ್ಸ್ ಮತ್ತು ರೋಗಿಯ ಸಂಭಾಷಣೆಯ ಹಿಂದೆ ಬಸ್ಸಿನ ಹಾರ್ನ್ ಕೇಳಿಸಿತು. ನಿಲ್ಲಿಸಿ ಮತ್ತೆ ಹಾಕಿದಳು. ಅದರಲ್ಲಿ ಹಾರ್ನ್ ಇರಲೇ ಇಲ್ಲ. ಮುಂದಿನ ಕೋಣೆಯಲ್ಲಿ ಹಾಸಿಗೆ ಹೊಲಿಯುತ್ತಿದ್ದ ಕರೀಮ್ ಸಾಬ್ ಸೂಜಿ ಹಿಡಿದುಕೊಂಡೇ ಬಾಗಿಲಿಗೆ ಬಂದರು.

"ಬೇಟಿ, ಯಾರ ಹತ್ರ ಮಾತಾಡ್ತಿದೀಯ?"

"ಯಾರೂ ಇಲ್ಲ ಅಬ್ಬಾ. ನಂಬರ್ ಹೇಳ್ಕೊತಿದೀನಿ."

"ನಂಬರ್ ಅಲ್ಲ. 'ಮತ್ತೆ ಹೇಳಿ ಸರ್, ಮತ್ತೆ ಹೇಳಿ ಸರ್' ಅಂತಿದ್ದೆ," ಎಂದರು ಅವರು. ಮಗಳ ಮುಖ ನೋಡಿ ಸೂಜಿಯೊಡನೆ ಹಾಸಿಗೆಯ ಕಡೆಗೆ ಮರಳಿದರು.

ಎರಡು ವಾರ ಕೇಳುವ ಅಭ್ಯಾಸ ನಿಂತೇಹೋಯಿತು. ವೇಳಾಪಟ್ಟಿಯಲ್ಲಿ ಸೋಮವಾರ, ಗುರುವಾರದ ಚೌಕಗಳು ಖಾಲಿ ಉಳಿದವು. ಸಿಬಿಟಿಯ ಪ್ರಶ್ನೆಗಳನ್ನಷ್ಟೇ ಬಿಡಿಸುತ್ತಿದ್ದಳು. ಅಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಔಷಧ ಕೊಡುವಾಗ ನಿಮ್ಮಿಂದ ತಪ್ಪಾಗಿದೆ, ಏನು ಮಾಡುತ್ತೀರಿ? ಉತ್ತರ ಅವಳಿಗೆ ಬಾಯಿಪಾಠ. ಮೊದಲು ರೋಗಿಯ ಸ್ಥಿತಿ ನೋಡಬೇಕು, ಡಾಕ್ಟರಿಗೂ ಮೇಲಿನವರಿಗೂ ತಿಳಿಸಬೇಕು, ದಾಖಲಿಸಬೇಕು, ನಡೆದದ್ದನ್ನು ರೋಗಿಗೆ ಅಥವಾ ಮನೆಯವರಿಗೆ ಮುಚ್ಚುಮರೆಯಿಲ್ಲದೆ ಹೇಳಿ ಕ್ಷಮೆ ಕೇಳಬೇಕು. ಈ ಪ್ರಶ್ನೆಯನ್ನು ಅವಳು ಒಮ್ಮೆಯೂ ತಪ್ಪು ಮಾಡಿರಲಿಲ್ಲ. ಒಂದು ಗುರುವಾರ ಬೆಳಿಗ್ಗೆ ಹಾಗೆ ಸರಿ ಉತ್ತರ ಒತ್ತಿದ ಮೇಲೆ ಫೋನ್ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ತಂದೆಗೆ ಮಧುಗಿರಿಗೆ ಹೋಗಿ ಬರುತ್ತೇನೆಂದು ಹೇಳಿ ಹೊರಟಳು. ಮಧುಗಿರಿಯಲ್ಲಿ ಇಳಿದು ದೊಡ್ಡೇರಿಯ ಬಸ್ ಹತ್ತಿದಳು.

ಅಡವಯ್ಯನವರ ಮನೆ ಕೇಳಿದರೆ ಊರಿನವರು ಹಿಟ್ಟಿನ ಗಿರಣಿ ತೋರಿಸಿದರು. ಗಿರಣಿ ನಡೆಸುತ್ತಿದ್ದವನು ಮಗ ಹಾಲೇಶ್. ಮೈಯೆಲ್ಲ ರಾಗಿ ಹಿಟ್ಟು. ಅಡವಯ್ಯ ಹೊರಗಿನ ಜಗಲಿಯ ಮೇಲೆ ಕೂತು, ಬಂದವರ ಚೀಲಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. ಹಣೆಯಲ್ಲಿ ವಿಭೂತಿ. ಆರ್ಜೂ ಎದುರಿಗೆ ನಿಂತಳು.

"ಯಜಮಾನ್ರೇ, ನಾನು ನರ್ಸು. ಮಧುಗಿರೀಲಿ ಅಮ್ಮನ್ನ ಸೇರ್ಸಿದ್ರಲ್ಲ, ಆಗ ಅಲ್ಲಿದ್ದೆ."

ಅಡವಯ್ಯ ತಲೆಯೆತ್ತಿ ದಿಟ್ಟಿಸಿ ನೋಡಿದರು. "ಎರಡು ಸೂಜಿ ಚುಚ್ಚಿದ್ದ ಸಿಸ್ಟರು," ಎಂದರು.

ಆರ್ಜೂ ಜಗಲಿಯ ಅಂಚು ಹಿಡಿದುಕೊಂಡು ಕೂತಳು.

"ಅವ್ಳು ನಿನ್ನ ಕೇಳಿದ್ಲು, ಇದ್ಯಾಕಮ್ಮ ಇವತ್ತು ಎರಡು ಅಂತ. ದೊಡ್ಡ ಡೋಸು ಅಜ್ಜಿ ಅಂದೆ ನೀನು. ಆಮೇಲೆ ರಾತ್ರಿ ಮೈ ತೊಯ್ದು ತೊಪ್ಪೆ ಆಗೋ ಹಂಗೆ ಬೆವೆತ್ಲು. ಏನೇನೋ ತೊದಲಿದ್ಲು. ಆಯಾನ ಕರ್ದೆ. ಸೆಕೆ ಕಣಜ್ಜ ಅಂದು ಫ್ಯಾನ್ ಹಾಕ್ಬುಟ್ಟು ಹೋದ್ಲು. ಆಮೇಕೆ ಸುಮ್ಕಾದ್ಲು. ನಿದ್ದೆ ಬಂತು ಅನ್ಕಂಡೆ."

ಸಕ್ಕರೆ ಕೆಳಗಿಳಿದ ಮೈ ಹಾಗೆಯೇ ಬೆವರುತ್ತದೆ. ಬಾಯಿಗೆ ಎರಡು ಚಮಚ ಸಕ್ಕರೆ ನೀರು, ಕೈಯ ನರಕ್ಕೆ ಒಂದು ಗ್ಲೂಕೋಸ್, ಅಷ್ಟಾದರೂ ಆಗಿದ್ದರೆ ಜೀವ ಉಳಿಯಬಹುದಿತ್ತು ಎಂಬುದು ಆರ್ಜೂಗೆ ಗೊತ್ತಿತ್ತು. ಬೆವರಿನ ವಿಷಯ ಮಾತ್ರ ಅವಳು ಇವತ್ತೇ ಕೇಳಿದ್ದು. ಹೃದಯ ಇರಬಹುದು ಎಂದುಕೊಳ್ಳಲು ಇದ್ದ ಸಣ್ಣ ಸಂದಿಯೂ ಮುಚ್ಚಿಹೋಯಿತು.

ಅವಳು ಹೇಳಿದಳು. ಫೋನಿನಲ್ಲಿ ಕೇಳಿಸಿದ್ದು, ಕೊಟ್ಟಿದ್ದು, ಮತ್ತೆ ಕೇಳದೆ ಬಿಟ್ಟಿದ್ದು, ಹಾಳೆ ಬದಲಾದದ್ದು, ಕಂಡೂ ಬಾಯಿ ಮುಚ್ಚಿಕೊಂಡದ್ದು. ಡಾಕ್ಟರು ಬಹುಶಃ ಹದಿನೈದೇ ಹೇಳಿದ್ದರು, ತಾನು ಕೇಳಿಸಿಕೊಂಡದ್ದೇ ತಪ್ಪು ಎಂದಳು. "ನನ್ನಿಂದ ಅಮ್ಮ ಹೋದ್ರು. ಕ್ಷಮಿಸಿ ಅನ್ನೋಕೂ ನನಗೆ ಬಾಯಿಲ್ಲ," ಎಂದಳು.

ಅಡವಯ್ಯ ಒಳಗೆ ತಿರುಗಿ ಕೂಗಿದರು. "ಲೇ ಹಾಲೇಶ, ಮಿಲ್ ನಿಲ್ಸು. ಇಲ್ಲಿ ಬಾರ್ಲಾ."

ಗಿರಣಿ ನಿಂತಿತು. ಹಾಲೇಶ್ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ.

"ಈಗ ನಂಗೆ ಹೇಳಿದ್ಯಲ್ಲ, ಅದನ್ನೇ ಇವ್ನಿಗೂ ಹೇಳು ತಾಯಿ," ಎಂದರು ಅಡವಯ್ಯ. "ಎರಡು ಸೂಜಿ ಹಾಕಿದ್ರು, ಏನೋ ಎಡವಟ್ಟಾಗೈತೆ ಅಂತ ನಾನು ಏಳು ವರ್ಷದಿಂದ ಬಡ್ಕಂತಿದೀನಿ. ಅಪ್ಪಂಗೆ ಭ್ರಮೆ ಅಂತಾನೆ ಇವ್ನು. ಊರೋರೂ ಅಂಗೇ ಅಂದ್ರು. ಆಮೇಲಾಮೇಲೆ ನಂಗೇ ಅನುಮಾನ ಬಂತು. ಒಂದೇ ಸೂಜಿ ಇತ್ತೇನೋ, ನಾನೇ ಕನಸು ಕಂಡೆನೇನೋ ಅಂತ."

ಆರ್ಜೂ ಮತ್ತೆ ಮೊದಲಿಂದ ಹೇಳಿದಳು. ಹಾಲೇಶನ ಮುಖ ಹಿಟ್ಟಿನ ಅಡಿಯಲ್ಲೂ ಕೆಂಪಾಗುವುದು ಕಾಣಿಸಿತು. ಶನಿವಾರದ ಅಭ್ಯಾಸದಲ್ಲಿ ಲೋಹಿತಾ ಎಷ್ಟೋ ಸಲ ಕೋಪಗೊಂಡ ಮಗನಾಗಿ ಕೂಗಾಡಿದ್ದಳು. ಅಲ್ಲಿ ಹೇಳಲು ಸಿದ್ಧವಾದ ವಾಕ್ಯಗಳಿರುತ್ತಿದ್ದವು. ಇಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಹಾಲೇಶ್ ಕೂಗಾಡಲೂ ಇಲ್ಲ.

"ಈಗ್ಯಾಕೆ ಬಂದ್ರಿ?" ಎಂದ.

"ಈಗ ಖಾತ್ರಿ ಆಯ್ತು."

"ಖಾತ್ರಿ ಆಗೋಕೆ ಏಳು ವರ್ಷ ಬೇಕಾಯ್ತಾ?"

"ಗೊತ್ತಾಗಬಾರದು ಅಂತಿದ್ದೆ," ಎಂದಳು ಆರ್ಜೂ.

ಹಾಲೇಶ್ ಒಳಗೆ ಹೋಗಿ ಒಂದು ಬಿಳಿ ಹಾಳೆ, ಪೆನ್ನು ತಂದು ಅವಳ ಮುಂದಿಟ್ಟ. "ಬಾಯಲ್ಲಿ ಹೇಳಿದ್ದು ಬೇಡ. ಬರ್ಕೊಡಿ. ಹೆಸ್ರು, ವಿಳಾಸ, ಫೋನ್ ನಂಬರ್ ಎಲ್ಲ ಹಾಕಿ."

ಅವಳು ಜಗಲಿಯ ಮೇಲೆ ಕೂತು ಕನ್ನಡದಲ್ಲಿ ಬರೆದಳು. ದಿನಾಂಕ, ಹೊತ್ತು, ಸಕ್ಕರೆಯ ಮಟ್ಟ, ಕೇಳಿಸಿದ ಅಂಕಿ, ಕೊಟ್ಟ ಅಂಕಿ, ಮಾಡಬೇಕಾಗಿದ್ದೂ ಮಾಡದೆ ಬಿಟ್ಟದ್ದು. ಬೇಡದ್ದೊಂದೂ ಇಲ್ಲದೆ ಒಂದು ಪುಟದಲ್ಲಿ ಮುಗಿಯಿತು. ಸಹಿ ಮಾಡಿ, ತನ್ನ ನೋಂದಣಿ ಸಂಖ್ಯೆಯನ್ನೂ ಹಾಕಿದಳು. "ನರ್ಸಿಂಗ್ ಕೌನ್ಸಿಲ್‌ಗೆ ಕೊಡ್ಬೋದು, ಪೊಲೀಸ್‌ಗೂ ಕೊಡ್ಬೋದು. ಯಾರು ಕರೆದ್ರೂ ಬಂದು ಇದನ್ನೇ ಹೇಳ್ತೀನಿ," ಎಂದಳು.

ಹಾಲೇಶ್ ಹಾಳೆ ಮಡಚಿ ಜೇಬಿಗಿಟ್ಟು ಗಿರಣಿಯೊಳಗೆ ಹೋದ. ಯಂತ್ರ ಮತ್ತೆ ಶುರುವಾಯಿತು. ಆ ಸದ್ದಿನಲ್ಲಿ ಅಡವಯ್ಯ ಏನೋ ಹೇಳಿದರು. ಆರ್ಜೂಗೆ ಕೇಳಿಸಲಿಲ್ಲ. ಬಾಗಿ, "ಏನಂದ್ರಿ? ಇನ್ನೊಂದ್ಸಲ ಹೇಳಿ," ಎಂದಳು.

"ಮೂರು ಗಂಟೆ ಬಸ್ಸು ಹೋಗ್ಬುಡ್ತದೆ, ಎದ್ದೇಳು ಅಂದೆ," ಎಂದರು ಅವರು.

ಆ ಸಂಜೆ ಕರೀಮ್ ಸಾಬ್‌ಗೂ ಎಲ್ಲ ಹೇಳಿದಳು. ಅವರು ಹೊಲಿಯುತ್ತಿದ್ದ ಹಾಸಿಗೆಯನ್ನು ಬದಿಗೆ ಸರಿಸಿದರು. "ನಾನೂ ಜೊತೇಲಿ ಬರ್ತಿದ್ದೆ ಬೇಟಿ. ಒಬ್ಳೇ ಯಾಕೆ ಹೋದೆ?" ಎಂದಷ್ಟೇ ಕೇಳಿದರು.

ಮುಂದಿನ ಸೋಮವಾರ ಅವಳು ಇಯರ್‌ಫೋನ್ ಹಾಕಿಕೊಂಡಳು. ಹಾರ್ನ್ ಈಗಲೂ ಕೇಳಿಸಿತು. ಕೇಳಿಸಲಿ ಎಂದು ಬಿಟ್ಟು, ಅದರ ನಡುವೆಯೇ ಅಂಕಿಗಳನ್ನು ಹಿಡಿಯಲು ಕೂತಳು. ಕಳೆದ ವಾರಗಳ ಸಲುವಾಗಿ ವೇಳಾಪಟ್ಟಿ ಬದಲಾಯಿತು. ಚೆನ್ನಾಗಿ ಬರುತ್ತಿದ್ದ ಓದುವ ಭಾಗ ಬಿಟ್ಟಳು, ಬರವಣಿಗೆಗೆ ವಾರಕ್ಕೊಂದೇ ದಿನ, ಕೇಳುವುದಕ್ಕೆ ನಾಲ್ಕು ದಿನ. ದಿನಾ ಸಂಜೆ ಲೋಹಿತಾ ಫೋನಿನಲ್ಲಿ ಇಪ್ಪತ್ತು ಜೋಡಿ ಓದುತ್ತಿದ್ದಳು. ಬೇಕೆಂದೇ ಬಸ್ ಸ್ಟ್ಯಾಂಡಿನಿಂದ, ಒಲೆಯ ಮುಂದಿನಿಂದ, ಗಾಳಿ ಬೀಸುವ ಕಡೆಯಿಂದ ಓದುತ್ತಿದ್ದಳು. ಎಂಟನೆಯ ವಾರ ಅಂಕಿಯ ತಪ್ಪು ಆರು. ಹತ್ತನೆಯ ವಾರ ಎರಡು. ಹನ್ನೆರಡನೆಯ ವಾರ ಒಂದೂ ಇರಲಿಲ್ಲ. ಅನುಷಾ ಅಭಿನಂದಿಸಿದಾಗ ಆರ್ಜೂಗೆ ಸಂತೋಷವಾಗಲಿಲ್ಲ. ಆರೇ ವಾರದ ಅಭ್ಯಾಸದಲ್ಲಿ ಸರಿಹೋಗುವಷ್ಟು ಸಣ್ಣ ದೋಷವಾಗಿತ್ತಲ್ಲ ಎಂಬುದೇ ಎದೆಯಲ್ಲಿ ಕೂತಿತು.

ಬೆಂಗಳೂರಿನಲ್ಲಿ ಎರಡನೆಯ ಸಲ ನಾಲ್ಕೂ ಭಾಗ ಬರೆದಳು. ಕೇಳುವುದರಲ್ಲಿ ಮುನ್ನೂರ ಎಂಬತ್ತು ಬಂತು, ಉಳಿದವೂ ದಾಟಿದವು. ಲೋಹಿತಾಳದೂ ಆಯಿತು. ಎರಡು ತಿಂಗಳ ಬಳಿಕ ಸಿಬಿಟಿ ಕೂಡ ಮುಗಿಯಿತು.

ಕೆಲಸದ ಸಂದರ್ಶನ ಫೋನಿನ ಪರದೆಯ ಮೇಲೆಯೇ ನಡೆಯಿತು. ನಿಮ್ಮಿಂದಾದ ಒಂದು ತಪ್ಪು ಹೇಳಿ, ಅದರಿಂದ ಏನು ಕಲಿತಿರಿ ಎಂಬ ಪ್ರಶ್ನೆ ಅಲ್ಲಿ ಬಂದೇ ಬರುತ್ತದೆ. ಮಾತ್ರೆ ಅರ್ಧ ಗಂಟೆ ತಡವಾಗಿ ಕೊಟ್ಟೆ, ಕೂಡಲೇ ತಿಳಿಸಿದೆ ಎಂಬ ಉತ್ತರವನ್ನು ಲೋಹಿತಾ ಇಬ್ಬರಿಗೂ ಸಿದ್ಧಮಾಡಿದ್ದಳು. ಆರ್ಜೂ ಚನ್ನಮಲ್ಲಮ್ಮನ ವಿಷಯ ಹೇಳಿದಳು. ಪರದೆಯ ಆ ಕಡೆಯ ಮೂವರೂ ಬರೆಯುವುದನ್ನು ನಿಲ್ಲಿಸಿದರು. ಆ ಆಸ್ಪತ್ರೆ ಅವಳನ್ನು ತೆಗೆದುಕೊಳ್ಳಲಿಲ್ಲ.

"ನಿಂಗೆ ಹುಚ್ಚು ಕಣೇ," ಎಂದು ಲೋಹಿತಾ ಅತ್ತಳು. ಅವಳು ಮೊದಲು ಹೋದಳು.

ನಾಲ್ಕು ತಿಂಗಳ ಬಳಿಕ ಇನ್ನೊಂದು ಆಸ್ಪತ್ರೆಯ ಸಂದರ್ಶನದಲ್ಲಿ ಆರ್ಜೂ ಅದನ್ನೇ ಹೇಳಿದಳು. ವಯಸ್ಸಾದ ನರ್ಸೊಬ್ಬರು, ಮನೆಯವರಿಗೆ ಗೊತ್ತೇ ಎಂದು ಕೇಳಿದರು. ಗೊತ್ತು, ಬರೆದುಕೊಟ್ಟಿದ್ದೇನೆ ಎಂದಳು. ಆ ಹಾಳೆಯಿಂದ ಮುಂದೆ ಏನಾದರೂ ಆದರೆ ನಮಗೆ ತಿಳಿಸಬೇಕು ಎಂದರು. ಹೂಂ ಎಂದಳು. ಹತ್ತು ದಿನಕ್ಕೆ ಕೆಲಸದ ಪತ್ರ ಬಂತು.

ಹೊರಡುವ ಮುಂಚೆ ದೊಡ್ಡೇರಿಗೆ ಫೋನ್ ಮಾಡಿದಳು. ಹಾಲೇಶ್ ಎತ್ತಿದ.

"ನಾನು ಹೊರಗಡೆ ದೇಶಕ್ಕೆ ಹೋಗ್ತಿದೀನಿ. ಓಡಿಹೋದೆ ಅನ್ಕೋಬಾರ್ದು. ಅಲ್ಲಿನ ವಿಳಾಸ, ನಂಬರ್ ಕಳಿಸ್ತೀನಿ."

ಆ ಕಡೆ ಗಿರಣಿ ಓಡುತ್ತಿತ್ತು. "ಕಳ್ಸಿ," ಎಂದ ಹಾಲೇಶ್. "ಹಾಳೆ ಇಟ್ಕಂಡಿದೀನಿ. ಏನ್ ಮಾಡ್ಬೇಕು ಅಂತ ಇನ್ನೂ ತೋಚಿಲ್ಲ. ಅಪ್ಪ ಈಗ ಆ ಮಾತು ಎತ್ತೋದೇ ಬುಟ್ಟವ್ರೆ. ಎತ್ತಿದ್ರೇ ಚೆನ್ನಾಗಿತ್ತು."

ಆರ್ಜೂ ಇಂಗ್ಲೆಂಡಿನ ಉತ್ತರದ ಒಂದು ಪಟ್ಟಣದಲ್ಲಿ ವೃದ್ಧರ ವಾರ್ಡಿನಲ್ಲಿದ್ದಾಳೆ. ಅಲ್ಲಿನ ಕೊನೆಯ ಪ್ರಾಯೋಗಿಕ ಪರೀಕ್ಷೆಯೂ ಮುಗಿದು ಹೆಸರು ನೋಂದಣಿಯಾಗಿದೆ. ಚಳಿಗಾಲದಲ್ಲಿ ಅಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ಆ ಹೊತ್ತಿಗೆ ದೀಪ ಹಾಕುತ್ತ ಹೋಗುವಾಗ ಕಿಟಕಿಯ ಪಕ್ಕದ ಮಂಚದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾಳೆ. ಮಲಗಿದವರ ಹಣೆಯ ಮೇಲೆ ಅಂಗೈಯಿಟ್ಟು, ಒಣಗಿದೆಯೋ ಒದ್ದೆಯೋ ನೋಡುತ್ತಾಳೆ. ಜೊತೆಯವರು ಯಾಕೆಂದು ಕೇಳಿದರೆ ರೂಢಿ ಎನ್ನುತ್ತಾಳೆ.